ಕಂಕಷನ್ ಆದ ಹುಡುಗನಿಗೆ ಕ್ರಿಯಾಟಿನ್: ಆ 20 ಗ್ರಾಂ ಎಲ್ಲಿಂದ ಬಂತು?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ 17 ವರ್ಷ, ತೂಕ 50 ಕೆ.ಜಿ. ಹತ್ತು ದಿನದ ಹಿಂದೆ ಕಬಡ್ಡಿ ಆಡುವಾಗ ಬಿದ್ದು ತಲೆಗೆ ಪೆಟ್ಟಾಯಿತು. ಸಿಟಿ ಸ್ಕ್ಯಾನ್‌ನಲ್ಲಿ ಏನೂ ಇಲ್ಲ, ಕಂಕಷನ್ ಅಂದರು. ಈಗಲೂ ಓದೋಕೆ ಕೂತರೆ ತಲೆನೋವು ಬರುತ್ತೆ, ಬೇಗ ಸುಸ್ತಾಗ್ತಾನೆ. ಜಿಮ್‌ನವರು ದಿನಕ್ಕೆ 20 ಗ್ರಾಂ ಕ್ರಿಯಾಟಿನ್ ಪುಡಿ ಕೊಡಿ, ಮಿದುಳು ಬೇಗ ಸರಿಹೋಗುತ್ತೆ, ರಿಸರ್ಚ್ ಆಗಿದೆ ಅಂತಾರೆ. ನಾವು ಮಾಂಸ ತಿನ್ನೋರಲ್ಲ, ಹಾಗಾಗಿ ಬೇಕೇ ಬೇಕಂತೆ. ಕೊಡಬಹುದಾ?
— ಓದುಗರು, ಮಂಡ್ಯ

ಉತ್ತರ: ಕಂಕಷನ್, ಅಂದರೆ ತಲೆ ಅಲುಗಿ ಮಿದುಳಿಗಾಗುವ ಸೌಮ್ಯ ಪೆಟ್ಟು, ವಾಸಿಯಾಗಲಿ ಅನ್ನುವ ಕಾರಣಕ್ಕಾದರೆ ಕೊಡಬೇಡಿ. ಜಿಮ್‌ನವರು ಹೇಳುವ ಸಂಶೋಧನೆ ನಡೆದಿರುವುದು ನಿಜ. ಅದು ನಡೆದದ್ದು ನಿಮ್ಮ ಮಗನಂಥವರ ಮೇಲಲ್ಲ, ಅಷ್ಟೇ.

ಆ 20 ಗ್ರಾಂ ಬಹುಶಃ ಗ್ರೀಸ್ ದೇಶದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕ. ಅಲ್ಲಿ ಕೆ.ಜಿ. ತೂಕಕ್ಕೆ ದಿನಕ್ಕೆ 0.4 ಗ್ರಾಂನಂತೆ ಆರು ತಿಂಗಳು ಕೊಟ್ಟರು. 50 ಕೆ.ಜಿ.ಗೆ ಗುಣಿಸಿದರೆ ಸರಿಯಾಗಿ 20 ಗ್ರಾಂ. ಆದರೆ ಅದರಲ್ಲಿದ್ದವರು 1ರಿಂದ 18 ವರ್ಷದ 39 ಮಕ್ಕಳು, ಅವರಿಗಾಗಿದ್ದದ್ದು ತೀವ್ರ ಸ್ವರೂಪದ ಮಿದುಳಿನ ಗಾಯ. ಎಚ್ಚರದ ಮಟ್ಟವನ್ನು ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲ್‌ನಲ್ಲಿ ಅವರಿಗಿದ್ದದ್ದು 3ರಿಂದ 9 ಅಂಕ. ಕಂಕಷನ್ ಆದವರಿಗೆ ಸಾಮಾನ್ಯವಾಗಿ 13ರಿಂದ 15 ಇರುತ್ತದೆ. ಪೆಟ್ಟಾದ ನಾಲ್ಕು ಗಂಟೆಯೊಳಗೇ ಆ ಮಕ್ಕಳಿಗೆ ಮೊದಲ ಡೋಸ್ ಹೋಗಿತ್ತು. ನಿಮ್ಮ ಮಗನಿಗೆ ಪೆಟ್ಟಾಗಿ ಹತ್ತು ದಿನ ಕಳೆದಿದೆ.

ಕ್ರಿಯಾಟಿನ್ ಪಡೆದ ಮಕ್ಕಳು ಐಸಿಯುನಿಂದ ಬೇಗ ಹೊರಬಂದರು, ಆಮೇಲೆ ತಲೆನೋವು, ತಲೆಸುತ್ತು, ಸುಸ್ತು ಕೂಡ ಅವರಲ್ಲಿ ಕಡಿಮೆಯಿತ್ತು ಎಂದು ವರದಿಯಾಯಿತು. ಕುತೂಹಲ ಹುಟ್ಟಿಸುವ ಫಲಿತಾಂಶವೇ. ತೊಡಕಿರುವುದು ಅಧ್ಯಯನ ಮಾಡಿದ ರೀತಿಯಲ್ಲಿ. ಕ್ರಿಯಾಟಿನ್ ಇಲ್ಲದ ಗುಂಪಿಗೆ ನೋಡಲು ಹಾಗೇ ಇರುವ ಖಾಲಿ ಪುಡಿ, ಅಂದರೆ ಪ್ಲಸೀಬೊ, ಕೊಟ್ಟಿರಲಿಲ್ಲ. ಯಾರಿಗೆ ಔಷಧ ಹೋಗುತ್ತಿದೆ ಎಂಬುದು ಮುಚ್ಚುಮರೆಯ ವಿಷಯವೂ ಆಗಿರಲಿಲ್ಲ. ತಲೆನೋವು, ಸುಸ್ತು ರಕ್ತ ಪರೀಕ್ಷೆಯಲ್ಲಿ ಸಿಗುವಂಥವಲ್ಲ. ಕೇಳಿ, ಹೇಳಿ ತಿಳಿಯಬೇಕಾದವು. ಮಗುವಿಗೆ ಒಳ್ಳೆಯ ಔಷಧ ಸಿಗುತ್ತಿದೆ ಎಂದು ಗೊತ್ತಿದ್ದರೆ ಆ ಉತ್ತರ ಅರಿವಿಲ್ಲದೆಯೇ ವಾಲುತ್ತದೆ. 39 ಮಕ್ಕಳ ಸಣ್ಣ ಗುಂಪಿನಲ್ಲಿ ಅಂಥ ವಾಲಿಕೆಯನ್ನೂ ಔಷಧದ ನಿಜವಾದ ಗುಣವನ್ನೂ ಬೇರ್ಪಡಿಸಲಾಗದು.

ಇನ್ನೊಂದು ಆಧಾರವಾಗಿ ತೋರಿಸುವುದು ಇಲಿಗಳ ಮೇಲಿನ 2000ದ ಪ್ರಯೋಗವನ್ನು. ಕ್ರಿಯಾಟಿನ್ ತಿಂದ ಪ್ರಾಣಿಗಳ ಮಿದುಳಿಗಾದ ಹಾನಿ ಸುಂಡಿಲಿಗಳಲ್ಲಿ 36%, ದೊಡ್ಡ ಇಲಿಗಳಲ್ಲಿ 50% ಕಡಿಮೆಯಿತ್ತು. ಆದರೆ ತಿನ್ನಿಸಿದ್ದು ಪೆಟ್ಟು ಕೊಡುವ ಮೊದಲು. ಪೆಟ್ಟು ಬೀಳುವ ದಿನ ಮೊದಲೇ ಗೊತ್ತಿದ್ದರೆ ನೀವು ಮಗನನ್ನು ಕಬಡ್ಡಿಗೇ ಕಳಿಸುತ್ತಿರಲಿಲ್ಲ.

ಇದರ ಹಿಂದಿನ ಯೋಚನೆಯಲ್ಲಿ ತಿರುಳಿದೆ. ತಲೆ ಜೋರಾಗಿ ಅಲುಗಿದಾಗ ನರಕೋಶಗಳ ಒಳಗೂ ಹೊರಗೂ ಲವಣಗಳ ಸಮತೋಲ ಕೆಡುತ್ತದೆ. ಅದನ್ನು ಸರಿಮಾಡಲು ಕೋಶಗಳಿಗೆ ವಿಪರೀತ ಶಕ್ತಿ ಬೇಕು, ಅದೇ ಹೊತ್ತಿಗೆ ಶಕ್ತಿಯ ಪೂರೈಕೆ ಸಾಲುವುದಿಲ್ಲ. ಕ್ರಿಯಾಟಿನ್ ಕೋಶದೊಳಗೆ ತುರ್ತಿಗೆ ಬರುವ ಶಕ್ತಿಯ ದಾಸ್ತಾನು. ಅದು ಹೆಚ್ಚಿದ್ದರೆ ಒಳ್ಳೆಯದಲ್ಲವೇ ಎಂಬುದು ತರ್ಕ. ಆದರೆ ಬಾಯಿಂದ ತೆಗೆದುಕೊಂಡದ್ದು ಮಿದುಳು ಸೇರುವುದು ಕಷ್ಟ. ಸ್ನಾಯು ರಕ್ತದಿಂದ ಅದನ್ನು ಸಲೀಸಾಗಿ ಹೀರಿಕೊಳ್ಳುತ್ತದೆ. ಮಿದುಳಿಗೂ ರಕ್ತಕ್ಕೂ ನಡುವೆ ತಡೆಗೋಡೆಯಿದೆ, ಜೊತೆಗೆ ತನಗೆ ಬೇಕಾದ ಕ್ರಿಯಾಟಿನ್ನನ್ನು ಮಿದುಳು ಬಹುಮಟ್ಟಿಗೆ ತಾನೇ ತಯಾರಿಸಿಕೊಳ್ಳುತ್ತದೆ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 20 ಗ್ರಾಂನಂತೆ ನಾಲ್ಕು ವಾರ ಕೊಟ್ಟು ನೋಡಿದ 1999ರ ಅಧ್ಯಯನದಲ್ಲಿ ಮಿದುಳಿನ ಕ್ರಿಯಾಟಿನ್ ಏರಿದ್ದು ಸರಾಸರಿ 8.7% ಮಾತ್ರ. 10ರಿಂದ 12 ವರ್ಷದ ಆರೋಗ್ಯವಂತ ಮಕ್ಕಳಿಗೆ ಕೆ.ಜಿ. ತೂಕಕ್ಕೆ ದಿನಕ್ಕೆ 0.3 ಗ್ರಾಂನಂತೆ ಒಂದು ವಾರ ಕೊಟ್ಟಾಗ ಮಿದುಳಿನಲ್ಲಿ ಏರಿಕೆಯೇ ಕಾಣಲಿಲ್ಲ. ಪೆಟ್ಟು ತಿಂದ ಮಿದುಳಿನಲ್ಲಿ ಎಷ್ಟು ಏರುತ್ತದೆ, ಆ ಏರಿಕೆಯಿಂದ ಲಾಭವಿದೆಯೇ ಎಂಬುದು ಇನ್ನೂ ಸಾಬೀತಾಗಬೇಕಾದ ಮಾತು.

ಮಾಂಸ ತಿನ್ನದಿರುವ ಬಗ್ಗೆ ಚಿಂತೆ ಬೇಡ. ಕ್ರಿಯಾಟಿನ್ ಮಾಂಸದಿಂದಲೂ ಸಿಗುವುದರಿಂದ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಅದು ಕಡಿಮೆ ಇರುವುದು ಹೌದು. ಮಿದುಳನ್ನು ಅಳೆದು ನೋಡಿದಾಗ ಮಾಂಸ ತಿನ್ನುವವರಿಗೂ ಸಸ್ಯಾಹಾರಿಗಳಿಗೂ ವ್ಯತ್ಯಾಸ ಸಿಗಲಿಲ್ಲ.

ಇಷ್ಟು ಬಿಗಿಯಾಗಿ ಹೇಳಲು ಕಾರಣವಿದೆ. ಮಿದುಳಿನ ಗಾಯದ ಚಿಕಿತ್ಸೆಯಲ್ಲಿ ಪ್ರಯೋಗಾಲಯದಲ್ಲಿ ಗೆದ್ದು ಆಸ್ಪತ್ರೆಯಲ್ಲಿ ಸೋತ ಔಷಧಗಳು ಬೇಕಾದಷ್ಟಿವೆ. ನಮ್ಮಲ್ಲಿ ಈಗಲೂ ಬರೆದುಕೊಡುವ ಸಿಟಿಕೋಲಿನ್ ಮಾತ್ರೆಯನ್ನು ಅಮೆರಿಕದಲ್ಲಿ 1,213 ರೋಗಿಗಳ ಮೇಲೆ ಪ್ಲಸೀಬೊ ಇಟ್ಟು ಪರೀಕ್ಷಿಸಿದರು. 2012ರಲ್ಲಿ ಬಂದ ಫಲಿತಾಂಶ: 90 ದಿನದ ನಂತರ ಎರಡೂ ಗುಂಪಿನ ಚೇತರಿಕೆಯಲ್ಲಿ ವ್ಯತ್ಯಾಸವಿಲ್ಲ. ಪ್ರೊಜೆಸ್ಟರಾನ್ ಹಾರ್ಮೋನಿನ ಎರಡು ದೊಡ್ಡ ಪರೀಕ್ಷೆಗಳು 2014ರಲ್ಲಿ ಹೀಗೇ ಮುಗಿದವು. ಕ್ರಿಯಾಟಿನ್‌ಗೆ ಅಂಥ ದೊಡ್ಡ ಪರೀಕ್ಷೆಯ ಆಸರೆ ಇಲ್ಲ.

ಹಾಗಾದರೆ ಈಗ ಮಾಡಬೇಕಾದ್ದು ಏನು? ಕತ್ತಲೆ ಕೋಣೆಯಲ್ಲಿ ಮಲಗಿಸುವ ಹಳೆಯ ಸಲಹೆಯನ್ನು ಕೈಬಿಡಲಾಗಿದೆ. ಪೂರ್ತಿ ಮಲಗದೆ, ಹಗುರ ಓಡಾಟ ಮಾತ್ರ ಇಟ್ಟುಕೊಂಡ ವಿಶ್ರಾಂತಿ ಮೊದಲ ಒಂದೆರಡು ದಿನಕ್ಕೆ ಸಾಕು, ನಿಮ್ಮ ಮಗನಿಗೆ ಆ ಅವಧಿ ಮುಗಿದಿದೆ. ಈಗ ದಿನವೂ ಸಮತಟ್ಟಾದ ಜಾಗದಲ್ಲಿ 15–20 ನಿಮಿಷ ನಡೆಯಲಿ. ಹೊರಡುವ ಮೊದಲು ತಲೆನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಕೇಳಿ ಬರೆದಿಡಿ. ನಡೆದಾಗ ಎರಡು ಅಂಕದವರೆಗೆ ಏರಿ, ಒಂದು ಗಂಟೆಯೊಳಗೆ ಇಳಿದರೆ ಪರವಾಗಿಲ್ಲ. ಅದಕ್ಕಿಂತ ಏರಿದರೆ ಅವತ್ತಿಗೆ ನಿಲ್ಲಿಸಿ, ಮರುದಿನ ಮತ್ತೆ ಶುರುಮಾಡಿ. ವೇಗಕ್ಕೂ ಲೆಕ್ಕವಿದೆ: 220ರಲ್ಲಿ ವಯಸ್ಸು 17 ಕಳೆದರೆ 203, ಇದು ನಾಡಿಮಿಡಿತದ ಅಂದಾಜು ಗರಿಷ್ಠ ಮಟ್ಟ. ಮೊದಲ ಹಂತದಲ್ಲಿ ನಾಡಿಮಿಡಿತ ಇದರ 55%, ಅಂದರೆ ನಿಮಿಷಕ್ಕೆ ಸುಮಾರು 110 ದಾಟದಿರಲಿ. ಅದು ಸಲೀಸಾದ ಮೇಲೆ 70%, ಅಂದರೆ ಸುಮಾರು 140ರವರೆಗೆ ಹೋಗಬಹುದು. ಓದನ್ನೂ ಹಾಗೇ ತುಂಡು ಮಾಡಿ, ನೋವು ಏರುವ ಮೊದಲೇ ಪುಸ್ತಕ ಮುಚ್ಚಲಿ.

ಆಮೇಲೆ ಒಬ್ಬನೇ ಕಾಲ್ಚಳಕದ ಅಭ್ಯಾಸ ಮಾಡಲಿ, ಒಂದೊಂದು ಹಂತಕ್ಕೂ ಕನಿಷ್ಠ 24 ಗಂಟೆ ಕೊಡಿ. ಲಕ್ಷಣಗಳೆಲ್ಲ ಹೋಗಿ, ವೈದ್ಯರು ನೋಡಿ ಒಪ್ಪುವವರೆಗೆ ಯಾರನ್ನೂ ಹಿಡಿಯುವುದು, ಉರುಳಿಸುವುದು ಬೇಡ. ಕಂಕಷನ್ ಮಾಗುವ ಮೊದಲೇ ಇನ್ನೊಂದು ಪೆಟ್ಟು ಬೀಳುವುದೇ ಇಲ್ಲಿರುವ ದೊಡ್ಡ ಅಪಾಯ, ಯಾವ ಪುಡಿಯೂ ಅದನ್ನು ತಡೆಯದು. ನಾಲ್ಕು ವಾರ ಕಳೆದರೂ ಲಕ್ಷಣ ಉಳಿದರೆ ನರರೋಗ ತಜ್ಞರಿಗೆ ತೋರಿಸಿ. ತಲೆನೋವು ಏರುತ್ತಲೇ ಹೋದರೆ, ಮತ್ತೆ ಮತ್ತೆ ವಾಂತಿ, ಮಂಪರು, ಫಿಟ್ಸ್, ಕೈಕಾಲಿನಲ್ಲಿ ಬಲಹೀನತೆ ಕಂಡರೆ ಕಾಯದೆ 108ಕ್ಕೆ ಕರೆಮಾಡಿ, ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮೊದಲ ಸಿಟಿ ಸರಿಯಿತ್ತು ಎಂದು ಸುಮ್ಮನಿರಬೇಡಿ.

ಈಗಾಗಲೇ ಒಂದೆರಡು ದಿನ ಕೊಟ್ಟಿದ್ದರೆ ಗಾಬರಿ ಬೇಡ, ನಿಲ್ಲಿಸಿದರಾಯಿತು. 10 ಗ್ರಾಂ ಒಂದೇ ಸಲಕ್ಕೆ ಕುಡಿದರೆ ಭೇದಿಯಾಗುವುದುಂಟು, ಅದು ನಿಂತುಹೋಗುತ್ತದೆ. ಮುಂದೆ ರಕ್ತ ಪರೀಕ್ಷೆಗೆ ಹೋದಾಗ ಮಾತ್ರ ವೈದ್ಯರಿಗೆ ತಪ್ಪದೆ ಹೇಳಿ. ಕ್ರಿಯಾಟಿನ್ ದೇಹದಲ್ಲಿ, ಕಿಡ್ನಿಯ ಕೆಲಸ ಅಳೆಯಲು ನೋಡುವ ಕ್ರಿಯಾಟಿನಿನ್ ಆಗಿ ಮಾರ್ಪಡುವುದರಿಂದ ಕಿಡ್ನಿ ಚೆನ್ನಾಗಿದ್ದರೂ ರಿಪೋರ್ಟ್‌ನಲ್ಲಿ ಆ ಅಂಕಿ ಏರಿರಬಹುದು. ಅನುಮಾನ ಬಂದರೆ ಕಿಡ್ನಿಯದೇ ಇನ್ನೊಂದು ಪರೀಕ್ಷೆಯಾದ ಸಿಸ್ಟಾಟಿನ್ ಸಿ ಮಾಡಿಸಬಹುದು, ಅದರ ಅಂಕಿ ಕ್ರಿಯಾಟಿನ್‌ನಿಂದ ಏರುವುದಿಲ್ಲ.