ಆ ತಾಯಿ ‘ಯಕೃತ್ತು’ ಅನ್ನುವವಳಲ್ಲ

“ಮಾನ್ಯ ಸಂಪಾದಕರೇ, ಹಿಂದಿಯಿಂದ ಅನುವಾದಿಸಿದ ಒಂದು ಕಥೆಯನ್ನು ಮೂಲದ ಸಮೇತ ಕಳಿಸುತ್ತಿದ್ದೇನೆ. ಇದರಲ್ಲಿ ಲಿವರಿಗೆ ಹಿಂದಿಯಲ್ಲಿರುವ ‘ಕಲೇಜಾ’, ‘ಜಿಗರ್’ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಮೂಲಕ್ಕೆ ನಿಷ್ಠನಾಗಿರಬೇಕು ಎಂದುಕೊಂಡು ಹೆಚ್ಚಿನ ಕಡೆ ‘ಯಕೃತ್ತು’ ಎಂದೇ ಇಟ್ಟು, ಅಡಿಟಿಪ್ಪಣಿ ಕೊಟ್ಟಿದ್ದೇನೆ. ಓದಿದ ಗೆಳೆಯರು, ಎಲ್ಲವನ್ನೂ ‘ಹೃದಯ’ ಮಾಡಿಬಿಡು ಅನ್ನುತ್ತಾರೆ. ಯಾವುದು ಸರಿ?”

ಎರಡೂ ಸರಿಯಲ್ಲ.

ಕಥೆಯ ಆಯ್ಕೆ ಚೆನ್ನಾಗಿದೆ. ನಿಮ್ಮ ವಾಕ್ಯಗಳು ಸಲೀಸಾಗಿ ಓಡುತ್ತವೆ, ಮಾತುಕತೆಯಲ್ಲಿ ಜೀವವಿದೆ. ಕೊನೆಯ ಪುಟದಲ್ಲಿ ತಾಯಿ ತನ್ನ ಲಿವರಿನ ಒಂದು ಭಾಗವನ್ನು ಮಗನಿಗೆ ಕೊಡುವಲ್ಲಿ ನನಗೆ ಗಂಟಲು ಕಟ್ಟಿ ಬಂತು, ಹಿಂದೆಯೇ ಸಿಟ್ಟೂ ಬಂತು. ಗಂಟಲು ಕಟ್ಟಿಸಿದ್ದು ಮೂಲ, ಸಿಟ್ಟು ತರಿಸಿದ್ದು ಅನುವಾದ. ಬೇರೆ ಸಣ್ಣಪುಟ್ಟ ತಪ್ಪುಗಳನ್ನು ನೀವೇ ತಿದ್ದಿಕೊಳ್ಳಬಲ್ಲಿರಿ. ನಾನು ಈ ಒಂದು ಅಂಗದ ವಿಷಯವನ್ನಷ್ಟೇ ಹಿಡಿದು ಬರೆಯುತ್ತೇನೆ.

ಎರಡನೆಯ ಪುಟ: “ಮಗ ನರಳುವುದನ್ನು ಕಂಡು ಅವಳ ಯಕೃತ್ತು ಬಾಯಿಗೆ ಬಂತು.” ಮೂಲದಲ್ಲಿರುವುದು ‘ಕಲೇಜಾ ಮುಂಹ್ ಕೋ ಆನಾ’. ಇದನ್ನು ಓದಿದ ಕನ್ನಡಿಗನಿಗೆ ಮೊದಲು ಬರುವ ಅನುಮಾನ, ಇವಳಿಗೆ ವಾಂತಿಯಾಯಿತೇ ಎಂದು. ಯಕೃತ್ತು ನಮಗೆ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಸಿಕ್ಕ ಪದ. ಅದಕ್ಕೆ ನೋವು, ಪ್ರೀತಿ, ಧೈರ್ಯ ಯಾವುದೂ ಅಂಟಿಕೊಂಡಿಲ್ಲ. ‘ಪಿತ್ತಜನಕಾಂಗ’ದ ಕಥೆಯೂ ಅಷ್ಟೇ. ‘ಕಲೀಜ’ ಎಂಬ ಮಾತು ಕನ್ನಡಕ್ಕೆ ಬಂದಿದೆ ನಿಜ, ಆದರೆ ಮಾಂಸದ ಹೆಸರಾಗಿ ಮಾತ್ರ ಬಂತು, ಭಾವನೆಯನ್ನು ಆಚೆಯೇ ಬಿಟ್ಟು ಬಂತು. ವಿಚಿತ್ರವೆಂದರೆ ಆ ಅಂಗದಿಂದ ಸುರಿಯುವ ಪಿತ್ತ ನಮ್ಮಲ್ಲಿ ನೆತ್ತಿಗೇರುತ್ತದೆ, ಅಂಗಕ್ಕೆ ಮಾತ್ರ ಏನೂ ಆಗುವುದಿಲ್ಲ.

ಗೆಳೆಯರ ಮಾತು ಕೇಳಿ ‘ಹೃದಯ ಬಾಯಿಗೆ ಬಂತು’ ಎಂದು ಮಾಡಿದರೂ ಕೆಡುತ್ತದೆ. ಅದು ಇಂಗ್ಲಿಷಿನ ನುಡಿಗಟ್ಟು, ಮತ್ತು ಇಂಗ್ಲಿಷಿನಲ್ಲಿ ಅದು ಹೇಳುವುದು ಭಯ, ಆತಂಕವನ್ನು. ಹಿಂದಿಯ ಕಲೇಜಾ ಭಯಕ್ಕೂ ಬಾಯಿಗೆ ಬರುತ್ತದೆ, ಸಂಕಟಕ್ಕೂ ಬರುತ್ತದೆ. ಇಲ್ಲಿ ತಾಯಿ ಹೆದರಿದ್ದಾಳೋ, ಸಂಕಟಪಡುತ್ತಿದ್ದಾಳೋ? ಮಗನ ನರಳಾಟ ಅವಳಿಗೆ ತಿಂಗಳಿಂದ ಗೊತ್ತು, ಹೊಸದಾಗಿ ಹೆದರಬೇಕಾದ್ದು ಏನೂ ನಡೆದಿಲ್ಲ. ಇದು ಸಂಕಟ. ಹಾಗಾಗಿ ಕನ್ನಡದಲ್ಲಿ “ಅವಳಿಗೆ ಕರುಳು ಕಿತ್ತು ಬಂದಂತಾಯಿತು.”

ಅದೇ ನುಡಿಗಟ್ಟು ಐದನೆಯ ಪುಟದಲ್ಲಿ ಮತ್ತೆ ಬರುತ್ತದೆ. ನಡುರಾತ್ರಿ ಯಾರೋ ಬಾಗಿಲು ಬಡಿಯುತ್ತಾರೆ, ಆಸ್ಪತ್ರೆಯಿಂದ ಸುದ್ದಿ ಬಂತೇನೋ ಎಂದು ಅವಳು ಏಳುತ್ತಾಳೆ. ಇಲ್ಲಿ ಕರುಳು ಹೊಂದುವುದಿಲ್ಲ. “ಜೀವ ಬಾಯಿಗೆ ಬಂದಂತಾಯಿತು” ಅನ್ನಬೇಕು. ಮೂಲದಲ್ಲಿ ಒಂದೇ ನುಡಿಗಟ್ಟು, ನಿಮ್ಮ ಕೈಯಲ್ಲಿ ಎರಡಾಗಬೇಕು. ಒಂದು ಪದಕ್ಕೆ ಎಲ್ಲ ಕಡೆ ಒಂದೇ ಪದ ಎಂಬುದು ಕರಾರುಪತ್ರಕ್ಕೆ ಬೇಕಾದ ಶಿಸ್ತು. ಕಥೆಯಲ್ಲಿ ಆ ಗಳಿಗೆಯ ಭಾವ ಯಾವುದು ಎಂದು ನೋಡಿಕೊಂಡು ಅಂಗವನ್ನು ಆರಿಸಬೇಕು.

ಮೂರನೆಯ ಪುಟ: “ಎದೆಯ ಮೇಲೆ ಕಲ್ಲಿಟ್ಟುಕೊಂಡು ಅವನನ್ನು ದೂರದ ಊರಿಗೆ ಕಳಿಸಿದಳು.” ಇಲ್ಲಿ ನೀವು ಯಕೃತ್ತನ್ನು ಬಿಟ್ಟು ಎದೆಗೆ ಬಂದಿದ್ದೀರಿ, ವಾಕ್ಯ ಮೇಲುನೋಟಕ್ಕೆ ಕನ್ನಡದಂತೆಯೇ ಇದೆ. ಅದಕ್ಕೇ ಇದು ಹೆಚ್ಚು ಅಪಾಯದ್ದು. ಹಿಂದಿಯಲ್ಲಿ ಕಲೇಜೆಯ ಮೇಲೆ ಕಲ್ಲಿಡುವವಳು ಅವಳೇ. ಒಳಗಿನದು ಉಕ್ಕಿ ಬರದಂತೆ ಒತ್ತಿ ಹಿಡಿಯುವ ಗಟ್ಟಿತನ ಅದು. ಕನ್ನಡದ ಕಿವಿಗೆ ಎದೆಯ ಮೇಲಿನ ಕಲ್ಲು ಹೊರೆ, ಬೇರೆ ಯಾರೋ ಹೇರಿದ್ದು. ಓದುಗನ ಕಣ್ಣಲ್ಲಿ ತಾಯಿ ಬಳಲಿದವಳಾಗುತ್ತಾಳೆ, ಅವಳ ತೀರ್ಮಾನ ಕಾಣುವುದೇ ಇಲ್ಲ. ನಮ್ಮಲ್ಲಿ ಮನಸ್ಸಿನ ಮೇಲೆ ಕಲ್ಲು ಇಡುವುದಿಲ್ಲ, ಮನಸ್ಸನ್ನೇ ಕಲ್ಲು ಮಾಡಿಕೊಳ್ಳುತ್ತೇವೆ. “ಮನಸ್ಸು ಕಲ್ಲು ಮಾಡಿಕೊಂಡು ಕಳಿಸಿಕೊಟ್ಟಳು” ಎಂದು ಬರೆಯಿರಿ, ಕಲ್ಲೂ ಉಳಿಯಿತು, ತಾಯಿಯ ಗಟ್ಟಿತನವೂ ಉಳಿಯಿತು. ‘ಎದೆ ಕಲ್ಲಾಯಿತು’ ಎಂದು ಮಾತ್ರ ಮಾಡಬೇಡಿ, ಅವಳು ಕಟುಕಿಯಾಗಿಬಿಡುತ್ತಾಳೆ.

ನಾಲ್ಕನೆಯ ಪುಟ: “ಅದನ್ನು ಕೇಳಿ ವಾರಗಿತ್ತಿಯ ಯಕೃತ್ತಿನ ಮೇಲೆ ಹಾವು ಹೊರಳಾಡಿತು.” ಇದು ಅಸೂಯೆ. ಕನ್ನಡದಲ್ಲಿ ಅಸೂಯೆಯ ಮನೆ ಹೊಟ್ಟೆ. ಹಾವು ಚೆಂದದ ಚಿತ್ರ, ಅದನ್ನು ಉಳಿಸಿಕೊಳ್ಳೋಣವೆಂದು “ಹೊಟ್ಟೆಯಲ್ಲಿ ಹಾವು ಹೊರಳಿದಂತಾಯಿತು” ಎಂದು ಬರೆದು, ಮೂಲ ನೋಡದ ಸಹೋದ್ಯೋಗಿಯೊಬ್ಬರಿಗೆ ಓದಿ ಹೇಳಿದೆ. “ಹೊಟ್ಟೆನೋವಾ ಅವಳಿಗೆ?” ಎಂದು ಕೇಳಿದರು. ಹಾವನ್ನು ಬಿಟ್ಟೆ. ಬರೀ ‘ಹೊಟ್ಟೆಕಿಚ್ಚುಪಟ್ಟಳು’ ಎಂದರೂ ಸಾಲದು, ಅದು ಅವಳ ಸ್ವಭಾವ ಹೇಳಿದಂತಾಗುತ್ತದೆ. ಮೂಲದಲ್ಲಿ ಕೇಳಿದ ಗಳಿಗೆಯಲ್ಲೇ ಏನೋ ನಡೆಯುತ್ತದೆ. “ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು” ಎಂದರೆ ಆ ಗಳಿಗೆ ಸಿಗುತ್ತದೆ. ‘ಹೊಟ್ಟೆ ಉರಿಯಿತು’ ಎಂದು ಮಾಡುವಾಗ ಜೋಪಾನ. ಮಕ್ಕಳು ಹೆತ್ತವರ ಹೊಟ್ಟೆ ಉರಿಸುತ್ತಾರೆ ಎಂದಾಗ ಅದು ಅಸೂಯೆಯಲ್ಲ, ಸಂಕಟ.

ಆದರೆ ಅದೇ ಪುಟದ ಕೆಳಗಡೆ, ಜಗಳದಲ್ಲಿ, “ಈಗ ಹೊಟ್ಟೆ ತಣ್ಣಗಾಯ್ತಾ ನಿನಗೆ?” ಎಂದು ಬರೆದಿದ್ದೀರಿ. ಮೂಲದಲ್ಲಿ ತಂಪಾಗುವುದು ಕಲೇಜಾ. ಅಲ್ಲಿ ನೀವು ನಿಘಂಟು ತೆರೆದಿಲ್ಲ. ಜಗಳವಾಡುವ ಹೆಂಗಸಿನ ಬಾಯಿಂದ ಏನು ಬರುತ್ತದೋ ಅದನ್ನೇ ಬರೆದಿದ್ದೀರಿ. ನಿಮಗೆ ಇದು ಬರುತ್ತದೆ, ಅದಕ್ಕೇ ಉಳಿದ ಕಡೆಯ ಯಕೃತ್ತನ್ನು ನಾನು ಸಹಿಸಲಾರೆ.

ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಗ್ಲಿಷಿನಿಂದ ಒಂದು ಆತ್ಮಕಥನದ ಭಾಗವನ್ನು ಅನುವಾದಿಸಿದ್ದೆ. ಕಷ್ಟದಲ್ಲಿದ್ದಾಗ ಗೆಳೆಯನೊಬ್ಬ ನೆರವಾದ ಎಂಬಲ್ಲಿ ಮೂಲದಲ್ಲಿ ಕೈಯ ನುಡಿಗಟ್ಟು ಇತ್ತು. ನಾನು “ಆಗ ಅವನು ನನಗೆ ಕೈ ಕೊಟ್ಟ” ಎಂದು ಬರೆದೆ. ಅದು ಹಾಗೆಯೇ ಅಚ್ಚಾಯಿತು. ಜೀವ ಉಳಿಸಿದ ಗೆಳೆಯ ನನ್ನ ಕನ್ನಡದಲ್ಲಿ ದ್ರೋಹಿಯಾದ. ನಮ್ಮ ಹಿರಿಯ ಉಪಸಂಪಾದಕರು ಬಯ್ಯಲಿಲ್ಲ. ಒಂದು ಖಾಲಿ ನೋಟ್‌ಬುಕ್ ಕೊಟ್ಟು, ಪ್ರತಿ ಪುಟದ ತಲೆಯಲ್ಲಿ ಒಂದೊಂದು ಭಾವದ ಹೆಸರು ಬರೆಸಿದರು: ಭಯ, ಅಸೂಯೆ, ಕ್ಷಮೆ, ಅವಮಾನ, ತಾಯ್ತನ. ಅಂಗದ ಹೆಸರನ್ನು ತಲೆಗೆ ಬರೆಯಬಾರದು ಎಂಬುದು ಅವರ ಕಟ್ಟಪ್ಪಣೆ. ಮನೆಯಲ್ಲಿ, ಬೀದಿಯಲ್ಲಿ, ಬಸ್ಸಿನಲ್ಲಿ ಕೇಳಿದ್ದನ್ನು ಆಯಾ ಪುಟಕ್ಕೆ ಸೇರಿಸುತ್ತಾ ಹೋದೆ. ಭಯದ ಪುಟದಲ್ಲಿ ‘ಎದೆ ಝಲ್ಲೆಂದಿತು’ ಪಕ್ಕಕ್ಕೆ ‘ಜಂಘಾಬಲ ಉಡುಗಿತು’ ಬಂತು. ನಮ್ಮ ಭಯ ಮೊಣಕಾಲಿನ ಕೆಳಗೂ ಇದೆ ಎಂದು ನನಗೆ ಹೊಳೆದದ್ದು ಆಗಲೇ. ಕ್ಷಮೆಯ ಪುಟದಲ್ಲಿ ‘ಹೊಟ್ಟೆಗೆ ಹಾಕಿಕೊಳ್ಳಿ’. ತಾಯ್ತನದ ಪುಟ ಕರುಳಿನಿಂದಲೇ ತುಂಬಿಹೋಯಿತು. ಆ ನೋಟ್‌ಬುಕ್ಕಿನ ಹೊಲಿಗೆ ಬಿಚ್ಚಿದೆ, ಈಗಲೂ ನನ್ನ ಮೇಜಿನಲ್ಲೇ ಇದೆ.

ಕರುಳು ನಮಗೆ ಎಷ್ಟು ದೊಡ್ಡ ಆಸ್ತಿ ಎಂದು ಹೇಳುತ್ತೇನೆ. 1611ರ ಇಂಗ್ಲಿಷ್ ಬೈಬಲ್, ಗ್ರೀಕಿನ ‘ಸ್ಪ್ಲಾಂಖ್ನ’ ಎಂಬ ಪದವನ್ನು ಹಲವು ಕಡೆ ಕರುಳು ಎಂದೇ ಅನುವಾದಿಸಿತು. ಹೇಳಬೇಕಾಗಿದ್ದದ್ದು ಕನಿಕರವನ್ನು. ಇಂದಿನ ಇಂಗ್ಲಿಷ್ ಓದುಗನಿಗೆ ಅದು ಮುಜುಗರದ ಮಾತು, ಹಾಗಾಗಿ ಹೊಸ ಅನುವಾದಗಳು ಅಂಗವನ್ನು ಬಿಟ್ಟು ಭಾವದ ಹೆಸರನ್ನಷ್ಟೇ ಹೇಳುತ್ತವೆ. ಕನ್ನಡದಲ್ಲಿ ಕರುಳು ಮತ್ತು ಕನಿಕರ ಇಂದಿಗೂ ಬೇರೆಯಾಗಿಲ್ಲ.

ಇನ್ನು ಕೊನೆಯ ಪುಟ. ಮೇಲಿನದೆಲ್ಲ ಇಲ್ಲಿ ಕೆಲಸಕ್ಕೆ ಬಾರದು, ನಿಜವಾದ ಕಷ್ಟ ಇಲ್ಲೇ ಇದೆ. ಮೊದಲ ಪುಟದಲ್ಲಿ ತಾಯಿ ಮಗನನ್ನು ‘ಜಿಗರ್ ಕಾ ಟುಕಡಾ’ ಎಂದು ಮುದ್ದಿಸುತ್ತಾಳೆ. ಕೊನೆಗೆ ಅವಳ ಜಿಗರಿನ ತುಂಡು ನಿಜವಾಗಿಯೂ ಅವನ ಒಡಲಿಗೆ ಹೋಗುತ್ತದೆ. ನುಡಿಗಟ್ಟು ಮೈತಾಳುವುದೇ ಈ ಕಥೆ. ‘ಕರುಳಿನ ಕುಡಿ’ ಎಂದು ಮಾಡಿದರೆ ಮೊದಲ ಪುಟ ಬಹಳ ಚೆನ್ನಾಗುತ್ತದೆ, ಕೊನೆಯ ಪುಟ ಸತ್ತುಹೋಗುತ್ತದೆ. ಕೊಟ್ಟದ್ದು ಕರುಳನ್ನಲ್ಲ. ಭಾಗ ಕೊಟ್ಟ ಮೇಲೆ ಕೊಟ್ಟವರ ಒಡಲಲ್ಲಿ ಮತ್ತೆ ಬೆಳೆದು ತುಂಬಿಕೊಳ್ಳುವ ಅಂಗ ಲಿವರು, ಕಥೆಗಾರ ಅದನ್ನು ಗೊತ್ತಿದ್ದೇ ಆರಿಸಿದ್ದಾನೆ.

ಇಲ್ಲಿಗೆ ಬರುವ ಹೊತ್ತಿಗೆ ನೀವು ಒಂಬತ್ತು ಕಡೆ ‘ಯಕೃತ್ತು’ ಎಂದಿದ್ದೀರಿ, ಒಂಬತ್ತು ಅಡಿಟಿಪ್ಪಣಿ ಹಾಕಿದ್ದೀರಿ. ಕೊನೆಯಲ್ಲಿ ಒಂದೇ ಸಲ ಬಡಿಯಬೇಕಾಗಿದ್ದ ಅಂಗವನ್ನು ಮೊದಲೇ ಸವೆಸಿಬಿಟ್ಟಿದ್ದೀರಿ. ಡಾಕ್ಟರ ಮುಂದೆ ಕೂತ ತಾಯಿಯ ಬಾಯಲ್ಲಿ, “ಲಿವರ್ ಅಂದರೆ ಯಕೃತ್ತು ತಾನೇ?” ಎಂದು ಹೇಳಿಸಿದ್ದೀರಿ. ಅಕ್ಷರ ಬಾರದ ಆ ತಾಯಿ ಆ ಪದವನ್ನು ಜನ್ಮದಲ್ಲಿ ಕೇಳಿರಲಿಕ್ಕಿಲ್ಲ. ಮೂಲದಲ್ಲಿ ಅವಳು ಕೇಳುವುದು “ಲಿವರ್, ಅಂದರೆ ಜಿಗರ್?” ಎಂದು. ಕಥೆಗಾರ ಅಡಿಟಿಪ್ಪಣಿಯನ್ನು ಅವಳ ಬಾಯಲ್ಲೇ ಇಟ್ಟಿದ್ದ. ನೀವು ಅದನ್ನು ಅಳಿಸಿ ನಿಮ್ಮದನ್ನು ಕೆಳಗೆ ಅಂಟಿಸಿದ್ದೀರಿ.

‘ಜಿಗರ್’ ಪದವನ್ನು ಹಾಗೆಯೇ ಉಳಿಸಿಕೊಳ್ಳಿ. ‘ಜಿಗರಿ ದೋಸ್ತ್’ ಎಂದು ನಮ್ಮವರು ದಿನವೂ ಆಡುತ್ತಾರೆ, ಅದರೊಳಗಿನ ಬಿಸುಪು ಅವರಿಗೆ ಗೊತ್ತು. ಅದು ಒಂದು ಅಂಗದ ಹೆಸರು ಎಂಬುದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಅದು ನಿಮಗೆ ಲಾಭವೇ, ಡಾಕ್ಟರ ಕೋಣೆಯಲ್ಲಿ ತಾಯಿಯ ಜೊತೆಗೆ ಓದುಗನಿಗೂ ಅದು ತಿಳಿಯುತ್ತದೆ. ಮೊದಲ ಪುಟದಲ್ಲಿ ಅದನ್ನು ಒಂಟಿಯಾಗಿ ಬಿಡದೆ ಕನ್ನಡದ ಮಾತೊಂದನ್ನು ಜೊತೆಗೆ ಕೊಡಿ: “ನನ್ನ ಕರುಳು ಕಣೋ ನೀನು, ನನ್ನ ಜಿಗರಿನ ತುಂಡು.” ನಡುವಿನ ಒಂಬತ್ತು ಕಡೆಯಿಂದಲೂ ಯಕೃತ್ತನ್ನು ತೆಗೆದು ಕರುಳು, ಜೀವ, ಹೊಟ್ಟೆ, ಮನಸ್ಸು ಎಂದು ಆಯಾ ಭಾವಕ್ಕೆ ತಕ್ಕಂತೆ ಹಂಚಿ. ಆಮೇಲೆ ಡಾಕ್ಟರು: “ಲಿವರಿನ ಒಂದು ಭಾಗ ಬೇಕಾಗುತ್ತದೆ.” ತಾಯಿ: “ಲಿವರ್ ಅಂದ್ರೆ ಜಿಗರ್ ಅಲ್ವಾ ಡಾಕ್ಟ್ರೇ?” ಅಲ್ಲಿಗೆ ನಿಲ್ಲಿಸಿ, ವಿವರಣೆ ಬೇಡ. ಕೊನೆಯ ಸಾಲಿನಲ್ಲಿ ಅವಳು ಬ್ಯಾಂಡೇಜಿನ ಮೇಲೆ ಕೈಯಿಟ್ಟು, “ತುಂಡು ತುಂಡಿಗೇ ಸೇರಿತು” ಅನ್ನುವಾಗ ಓದುಗನಿಗೆ ಎಲ್ಲವೂ ಗೊತ್ತಿರುತ್ತದೆ.

ಈ ದಾರಿ ಎಲ್ಲ ಭಾಷೆಗೂ ಒದಗುವುದಿಲ್ಲ. ಮಲಯ್ ಭಾಷೆಯಲ್ಲಿ ‘ಹಾತಿ’ ಎಂದರೆ ಲಿವರು, ‘ಪಾತಾಹ್ ಹಾತಿ’ ಎಂದರೆ ಅಕ್ಷರಶಃ ಲಿವರು ಮುರಿಯಿತು ಎಂದೇ ಅರ್ಥ. ಆದರೆ ‘ಹಾತಿ’ ಎಂದು ಹಾಗೆಯೇ ಇಟ್ಟರೆ ಕನ್ನಡದ ಓದುಗನಿಗೆ ಹಿಂದಿಯ ಆನೆ ನೆನಪಾಗುತ್ತದೆ. ಅಲ್ಲಿ ‘ಎದೆಯೊಡೆಯಿತು’ ಎಂದು ಮುಂದೆ ಹೋಗಬೇಕು, ಶ್ಲೇಷೆ ಇದ್ದರೆ ಅದನ್ನು ಕಳೆದುಕೊಳ್ಳಬೇಕು. ನಿಮ್ಮ ಕಥೆಯಲ್ಲಿ ಕಳೆದುಕೊಳ್ಳುವ ಅಗತ್ಯವಿಲ್ಲ.

ತಿದ್ದಿ ಕಳಿಸಿ. ಕಳಿಸುವ ಮೊದಲು, ಹಿಂದಿ ಮೂಲ ನೋಡದ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ, ಈ ಒಂದೊಂದು ಸಾಲು ಮುಗಿದಾಗಲೂ “ಅವಳಿಗೆ ಏನಾಯ್ತು?” ಎಂದು ಕೇಳಿ. ಅವರು ಕಾಯಿಲೆಯ ಹೆಸರು ಹೇಳಿದರೆ ಆ ಸಾಲನ್ನು ಮತ್ತೆ ಬರೆಯಿರಿ. ಕೊನೆಯ ಪುಟವನ್ನು ಮಾತ್ರ ನಡುವೆ ನಿಲ್ಲಿಸದೆ ಓದಿ.