ನಾಲ್ಕು ಮ್ಯಾಚಿನ ದಿನ ಮತ್ತು ಮಧ್ಯಾಹ್ನದ ರೊಟ್ಟಿ

ಕಲಬುರಗಿ ಹತ್ತಿರದ ಹಳ್ಳಿಯ ಹುಡುಗಿ. ವಯಸ್ಸು 17, ತೂಕ 56 ಕೆಜಿ. ಪಿಯುಸಿ ಓದುತ್ತಾಳೆ, ಕಬಡ್ಡಿಯಲ್ಲಿ ರೈಡರ್. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವಳನ್ನು ಕರೆದುಕೊಂಡು ಬಂದವರು ತಂದೆ. "ಮೊದಲ ಮ್ಯಾಚಿನಾಗ ಹುಲಿ ಆಗಿರ್ತಾಳ್ರಿ, ಸಂಜಿ ಮ್ಯಾಚಿಗೆ ಕಾಲೇ ಏಳಲ್ಲ. ಏನಾದ್ರೂ ಶಕ್ತಿ ಪುಡಿ ಬರ್ಕೊಡ್ರಿ" ಅಂದರು.

ಪುಡಿಯ ಮಾತು ಆಮೇಲೆ ನೋಡೋಣ, ಮೊದಲು ಹಿಂದಿನ ಟೂರ್ನಿಯ ದಿನ ಏನೇನು ತಿಂದಳು ಅಂತ ಗಂಟೆ ಗಂಟೆ ಲೆಕ್ಕ ಹೇಳಲಿ ಅಂದೆ. ಮಾರ್ಚ್ ತಿಂಗಳ ಬಿಸಿಲು. ಮ್ಯಾಚುಗಳು 9:30ಕ್ಕೆ, 11ಕ್ಕೆ, 1ಕ್ಕೆ, ಕೊನೆಯದು 4:30ಕ್ಕೆ. ಒಂದೊಂದೂ 15 ನಿಮಿಷದ ಎರಡು ಅವಧಿ. ವಾರ್ಮಪ್ ಸೇರಿದರೆ ಮುಕ್ಕಾಲು ಗಂಟೆ ಮೈ ದಂಡಿಸಿದ ಹಾಗೆ. ಬೆಳಗ್ಗೆ ಚಹಾ, ಎರಡು ಟೋಸ್ಟ್. ಮೊದಲ ಮ್ಯಾಚ್ ಮುಗಿದ ಮೇಲೆ ಒಂದು ಬಾಟಲಿ ಕಿತ್ತಳೆ ಸೋಡಾ. ಎರಡನೆಯದು ಮುಗಿದ ಕೂಡಲೇ ಊಟದ ಪಾಳಿ: ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಅನ್ನ ಸಾರು, ಎರಡು ಮಿರ್ಚಿ. ಊಟ 12ಕ್ಕೆ, ಮ್ಯಾಚ್ 1ಕ್ಕೆ. ಮೊದಲ ರೈಡಿನಲ್ಲೇ ಎದುರಾಳಿಗಳು ಸೊಂಟ ಹಿಡಿದು ಕೆಡವಿದಾಗ ತಿಂದದ್ದು ಗಂಟಲಿಗೆ ಬಂತಂತೆ. ಆ ಹೆದರಿಕೆಗೆ ಸಂಜೆವರೆಗೆ ಒಂದು ತುತ್ತೂ ತಿನ್ನಲಿಲ್ಲ. 4:30ರ ಮ್ಯಾಚಿನ ಕೊನೆಗೆ ಎರಡೂ ಮೀನಖಂಡ ಹಿಡಿದುಕೊಂಡವು.

ನೀರಿನ ಬಗ್ಗೆ ಕೇಳಿದಾಗ ತಂದೆಯ ಮುಖ ನೋಡಿ ಸುಮ್ಮನಾದಳು. ಅವರನ್ನು ಹೊರಗೆ ಕೂರಲು ಹೇಳಿದೆ. ಆಮೇಲೆ ಬಾಯಿ ಬಿಟ್ಟಳು: "ನೀರು ಕುಡದ್ರ ಹೋಗ್ಬೇಕಾಗ್ತದ ಮೇಡಂ. ಅಲ್ಲಿ ಹೆಣ್ಮಕ್ಕಳಿಗೆ ಜಾಗಾನೇ ಇರಲ್ಲ." ಅದಕ್ಕೇ ಬೆಳಗ್ಗೆಯಿಂದ ಗುಟುಕು ನೀರಿಲ್ಲ. ಮೂರನೇ ಮ್ಯಾಚ್ ಆದ ಮೇಲೆ ತಲೆ ಸುತ್ತಿದಾಗ ಸರ್ ಬೈದರು ಅಂತ ಒಂದೇ ಉಸಿರಿಗೆ ಒಂದೂವರೆ ಲೀಟರ್ ಕುಡಿದಿದ್ದಾಳೆ. ಹೆಣ್ಣುಮಕ್ಕಳ ತಂಡಗಳಲ್ಲಿ ಇದು ತೀರಾ ಸಾಮಾನ್ಯ. ಕೋಚ್‌ಗಳಿಗೆ ಗೊತ್ತೇ ಇರಲ್ಲ.

ಮೊದಲು ಅವಳು ಎಷ್ಟು ಬೆವರುತ್ತಾಳೆ ಅಂತ ತಿಳಿಯಬೇಕಿತ್ತು. ಪ್ರಾಕ್ಟೀಸಿಗೆ ಮುಂಚೆ, ಆಮೇಲೆ ಬೆವರು ಒರೆಸಿಕೊಂಡು, ಒಂದೇ ತೂಕದ ಯಂತ್ರದಲ್ಲಿ ತೂಗಿಕೋ ಅಂದೆ. ಒಂದು ಗಂಟೆ ಆಟದಲ್ಲಿ 800 ಗ್ರಾಂ ಇಳಿದಿತ್ತು. ನಡುವೆ 400 ಮಿ.ಲೀ. ಕುಡಿದಿದ್ದಳು. ಅಂದರೆ ಗಂಟೆಗೆ ಸುಮಾರು 1.2 ಲೀಟರ್ ಬೆವರು. ಒಂದು ಮ್ಯಾಚಿಗೆ ಹೆಚ್ಚುಕಡಿಮೆ 900 ಮಿ.ಲೀ. ಹೋಗುತ್ತದೆ ಅಂತಾಯ್ತು. ಇಷ್ಟು ಬೆವರುವವಳು ಸ್ವಲ್ಪ ಸ್ವಲ್ಪವಾಗಿ ಕುಡಿದರೆ ಬಹುಪಾಲು ಆ ನಷ್ಟ ತುಂಬುವುದಕ್ಕೇ ಹೋಗುತ್ತದೆ. ಒಮ್ಮೆಲೇ ಬರೀ ನೀರು ಸುರಿದುಕೊಂಡರೆ ಮೈ ಅದನ್ನು ಬೇಗ ಹೊರಗೆ ಹಾಕುತ್ತದೆ. ಉಪ್ಪು ಬೆರೆಸಿದ ನೀರು ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಇದನ್ನು ಕೇಳಿ ಅವಳಿಗೆ ಅರ್ಧ ಚಿಂತೆ ಇಳಿಯಿತು. ಉಳಿದರ್ಧ ಜಾಗದ್ದು. ಅವಳನ್ನು ಕೇಳಿಕೊಂಡೇ ತಂದೆಗೆ ಹೇಳಿದೆ. ಮೈದಾನದ ಪಕ್ಕದ ಒಂದು ಮನೆಯವರ ಹತ್ತಿರ ಮೊದಲೇ ಮಾತಾಡಿಡುವುದಾಗಿ ಒಪ್ಪಿದರು.

ಪಾನೀಯ ಮನೆಯಲ್ಲೇ ಮಾಡಿದ್ದು: ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ (ಟೀ ಚಮಚದಲ್ಲಿ ಮಟ್ಟಸವಾಗಿ 14), ಕಾಲು ಟೀ ಚಮಚ ಉಪ್ಪು, ಒಂದು ನಿಂಬೆಹಣ್ಣು. ಸಕ್ಕರೆ ಇದಕ್ಕಿಂತ ಜಾಸ್ತಿ ಬೇಡ. ಸೋಡಾದಲ್ಲಿ ಲೀಟರಿಗೆ 100 ಗ್ರಾಂ ಮೀರಿ ಸಕ್ಕರೆ ಇರುತ್ತದೆ. ಅಷ್ಟು ಸಿಹಿಯಾದದ್ದು ಹೊಟ್ಟೆಯಿಂದ ಕೆಳಗಿಳಿಯಲು ತಡ, ಮೇಲಿಂದ ಗ್ಯಾಸ್ ಬೇರೆ. ಓಆರ್‌ಎಸ್ ಪೊಟ್ಟಣ ಯಾಕಾಗಬಾರದು ಅಂತ ತಂದೆ ಕೇಳಿದರು. ನೀರು-ಉಪ್ಪಿಗೆ ಚೆನ್ನಾಗಿದೆ, ಆದರೆ ಅದರಲ್ಲಿ ಸಕ್ಕರೆ ಕಡಿಮೆ. ಮುಂದಿನ ಮ್ಯಾಚಿಗೆ ಬೇಕಾದ ಶಕ್ತಿ ಅದೊಂದರಿಂದಲೇ ಬರಲ್ಲ.

ಇನ್ನು ರೊಟ್ಟಿ. ಇಲ್ಲಿ ಸ್ವಲ್ಪ ಜಗಳವೇ ಆಯ್ತು. "ರೊಟ್ಟಿ ತಿಂದ್ರನೇ ಗಟ್ಟಿ" ಅನ್ನುವ ಮಾತು ಸುಳ್ಳಲ್ಲ. ಉಳಿದ ದಿನಗಳಿಗೆ ಜೋಳದ ರೊಟ್ಟಿ, ಶೇಂಗಾ, ಪುಂಡಿಪಲ್ಯಕ್ಕಿಂತ ಒಳ್ಳೆಯದನ್ನು ನಾನು ಬರೆದುಕೊಡಲಾರೆ. ಆದರೆ ಜೋಳದ ನಾರು, ಶೇಂಗಾ-ಎಣ್ಣೆಗಾಯಿಯ ಎಣ್ಣೆ, ಇವು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ಒಂದು ಗಂಟೆಯಲ್ಲಿ ಅಂಕಣಕ್ಕೆ ಇಳಿಯುವವಳಿಗೆ ಅದು ಶಕ್ತಿಯಾಗಿ ಸಿಗಲ್ಲ, ಹೊಟ್ಟೆಯಲ್ಲಿ ಭಾರವಾಗಿ ಕೂರುತ್ತದೆ. ಆ ದಿನಕ್ಕೆ ಬೇಕಾದ್ದು ನಾವು ಸತ್ವ ಇಲ್ಲ ಅಂತ ಬೈಯುವ ಆಹಾರವೇ: ಬಿಳಿ ಅನ್ನ, ಚುರುಮುರಿ, ಬಾಳೆಹಣ್ಣು, ಇಡ್ಲಿ, ಬ್ರೆಡ್. ಬೇಗ ಕರಗಿ ಬೇಗ ರಕ್ತಕ್ಕೆ ಸೇರಬೇಕು, ಅಷ್ಟೇ.

ಎಷ್ಟು? ಆಟಗಳ ನಡುವೆ ಗಂಟೆಗೆ, ಮೈತೂಕದ ಪ್ರತಿ ಕೆಜಿಗೆ ಸುಮಾರು 1 ಗ್ರಾಂ ಶರ್ಕರಪಿಷ್ಟ ಅನ್ನುವುದು ರೂಢಿಯ ಲೆಕ್ಕ. ಇವಳಿಗೆ 56 ಗ್ರಾಂ. ಅರ್ಧ ಲೀಟರ್ ಪಾನೀಯದಲ್ಲಿ 30 ಗ್ರಾಂ, ಒಂದು ದೊಡ್ಡ ಬಾಳೆಹಣ್ಣಿನಲ್ಲಿ ಸುಮಾರು 25. ಸರಿಹೋಯಿತಲ್ವಾ?

ಅದರಂತೆ ದಿನವನ್ನು ಮತ್ತೆ ಕಟ್ಟಿದೆವು. ಬೆಳಗ್ಗೆ 6:30ಕ್ಕೆ ನಾಲ್ಕು ಇಡ್ಲಿ, ತೆಳ್ಳಗಿನ ಸಾಂಬಾರ್. ಮೊದಲ ಮ್ಯಾಚ್ 10:15ಕ್ಕೆ ಮುಗಿದರೆ ಮುಂದಿನದಕ್ಕೆ ಮುಕ್ಕಾಲು ಗಂಟೆ. ಬೆವರು ಒರೆಸಿಕೊಳ್ಳುವಾಗಲೇ ಪಾನೀಯ ಶುರು. ಒಂದು ಲೋಟ, ಹತ್ತು ನಿಮಿಷ ಬಿಟ್ಟು ಇನ್ನೊಂದು. ಬಾಳೆಹಣ್ಣು ಆಗಲೇ ತಿನ್ನಬೇಕು, ಕೊನೆಯ ಹತ್ತು ನಿಮಿಷಕ್ಕೆ ಉಳಿಸಿಕೊಳ್ಳಬಾರದು. ಎರಡನೆಯದು ಮುಗಿದ ಮೇಲೆ ಒಂದೂಕಾಲು ಗಂಟೆ ಇದೆ. ಪಾನೀಯದ ಜೊತೆ ಎರಡು ಹಿಡಿ ಚುರುಮುರಿ, ಉಪ್ಪು ಸಾಕು, ಸುಸಲಾ ಮಾಡಿ ಒಗ್ಗರಣೆ ಹಾಕುವುದು ಬೇಡ. ಸರಿಯಾದ ಊಟ ಮೂರನೆಯದು ಮುಗಿದ ಕೂಡಲೇ, 2ರ ಒಳಗೆ: ಒಂದು ಬಟ್ಟಲು ಮೆತ್ತಗಿನ ಅನ್ನ, ಮೊಸರು, ಉಪ್ಪು. 4:30ರ ಹೊತ್ತಿಗೆ ಹೊಟ್ಟೆ ಹಗುರವಾಗಿರುತ್ತದೆ. ಹಿಂದಿನ ಸಲ ಅವಳು ಇದನ್ನೇ ತಿರುಗುಮುರುಗು ಮಾಡಿದ್ದು. ಅಂತರ ಚಿಕ್ಕದಿದ್ದಾಗ ದೊಡ್ಡ ಊಟ, ದೊಡ್ಡದಿದ್ದಾಗ ಉಪವಾಸ.

ನಮ್ಮ ಟೂರ್ನಿಗಳ ವೇಳಾಪಟ್ಟಿ ಬರೀ ಹೆಸರಿಗೆ. 11ರದ್ದು 12ಕ್ಕಾಗುತ್ತದೆ, ಒಮ್ಮೊಮ್ಮೆ ಅರ್ಧ ಗಂಟೆ ಮುಂಚೆಯೂ ಕರೆಯುತ್ತಾರೆ. ಅದಕ್ಕೇ ಮುಂದಿನ ಮ್ಯಾಚಿನ ಹೊತ್ತು ನೋಡಿ ಕಾಯಬೇಡ, ಹಿಂದಿನದು ಮುಗಿದ ಕೂಡಲೇ ತಿನ್ನು ಅಂದೆ. ತಡವಾದರೆ ಇನ್ನೊಂದು ಹಿಡಿ ಚುರುಮುರಿ.

ಕಾಲು ಹಿಡಿಯುವುದಕ್ಕೆ ಉಪ್ಪೊಂದೇ ಕಾರಣವಲ್ಲ ಅಂತಲೂ ಹೇಳಿದೆ. ದಣಿದ ಸ್ನಾಯು ತಾನೇ ಸೆಟೆದುಕೊಳ್ಳುತ್ತದೆ. ಊಟ ಸರಿಮಾಡಿದ ಮೇಲೂ ಹಿಡಿದರೆ ತರಬೇತಿ ನೋಡಬೇಕು. ತಂದೆಗೆ ಬೇರೆಯಾಗಿ ಒಂದು ಎಚ್ಚರಿಕೆ: ತುಂಬಾ ನೀರು ಕುಡಿದ ಮೇಲೆ ತಲೆನೋವು, ವಾಂತಿ ಬಂದು, ತೂಕ ಬೆಳಗ್ಗೆಗಿಂತ ಹೆಚ್ಚಿದ್ದರೆ ಇನ್ನೂ ನೀರು ಕುಡಿಸಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಬಿಸಿಲಲ್ಲಿ ಮಾತು ತಡವರಿಸಿ, ಗಲಿಬಿಲಿಗೊಂಡರೆ ನೆರಳಿಗೆ ತಂದು ಮೈಗೆ ನೀರು ಸುರಿದು ಗಾಳಿ ಹಾಕಿ, ಹಾಗೇ ಆಸ್ಪತ್ರೆಗೆ. ಪುಡಿ ಬರೆದುಕೊಡಲಿಲ್ಲ.

ಇದನ್ನೆಲ್ಲ ಮೊದಲು ಪ್ರಾಕ್ಟೀಸಿನ ದಿನ ಮಾಡಿ ನೋಡಿದಳು. ನಿಂಬೆ ಜಾಸ್ತಿಯಾಗಿ ಎದೆ ಉರಿಯಿತು, ಅರ್ಧಕ್ಕಿಳಿಸಿದೆವು. ಮುಂದಿನ ಟೂರ್ನಿಯಲ್ಲಿ ಸೆಮಿಫೈನಲ್ ಸೋತರು, ಆದರೆ ಇವಳ ಕಾಲು ಹಿಡಿಯಲಿಲ್ಲ. ತೊಂದರೆ ಕೊಟ್ಟಿದ್ದು ಮೊಸರನ್ನ. ಬಿಸಿಲಿಗೆ ಹುಳಿಯಾಗಿ ಎಸೆಯಬೇಕಾಯ್ತಂತೆ. ಈಗ ಅನ್ನ ಬೇರೆ ಡಬ್ಬಿಯಲ್ಲಿ ಹೋಗುತ್ತದೆ. ಮೊಸರನ್ನು ಊಟದ ಹೊತ್ತಿಗೆ ಅಂಗಡಿಯಿಂದ ತಣ್ಣಗಿನ ಪ್ಯಾಕೆಟ್ ತಂದು ಕಲಸುತ್ತಾರೆ.