ಒರೆಸಿ ಕಳೆದ ಮಾವಿನ ಮರ

«ನಮ್ಮೂರಿನ ಹಳೇ ಕಪ್ಪು-ಬಿಳುಪು ಫೋಟೋಗೆ ಬೂಷ್ಟು ಹಿಡಿದಿದೆ. ಒರೆಸಿ, ಅಳಿಸಿಹೋದ ಕಡೆ ಅದರ ಮೇಲೇ ಬಣ್ಣ ಹಚ್ಚಿಸಬಹುದಾ?»

ಒರೆಸಬೇಡಿ. ಕೈಯಲ್ಲಿರುವ ಬಟ್ಟೆ ಕೆಳಗಿಟ್ಟು ಮುಂದೆ ಓದಿ.

ಹೊಸನಗರದ ಕಡೆ ಸೈಕಲ್ ಮೇಲೆ ಟಪ್ಪಾಲು ಹಂಚಿ ನಿವೃತ್ತನಾದವನು ನಾನು. ನಮ್ಮೂರ ರಸ್ತೆ, ನಾಲ್ಕು ಹೆಂಚಿನ ಮನೆ, ಒಂದು ಅಪ್ಪೆಮಿಡಿ ಮರ ಇದ್ದ 1978ರ ಫೋಟೋ ನಮ್ಮ ಜಗಲಿಯಲ್ಲಿತ್ತು. ರಸ್ತೆ ಅಗಲ ಮಾಡುವಾಗ ಮರ ಹೋಗಿತ್ತು, ಉಳಿದದ್ದು ಫೋಟೋದಲ್ಲಿ ಮಾತ್ರ. ಒಂದು ಆರಿದ್ರಾ ಮಳೆಯಲ್ಲಿ ಅದರ ಮೇಲೆ ಬಿಳಿ ಬೂಷ್ಟು ಕಂಡಿತು. ಚೌಕಟ್ಟು ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಎರಡು ಸಲ ಎಳೆದೆ. ಎರಡನೇ ಸಲಕ್ಕೆ ಮರ ಹಾಲಿನ ಕೆನೆಯ ಹಾಗೆ ಬಟ್ಟೆಗೆ ಬಂತು. ಅಡಿಯಲ್ಲಿ ಬರೀ ಬಿಳಿ ಕಾಗದ.

ಯಾಕೆ ಹೀಗಾಯಿತು ಅಂತ ಆಮೇಲೆ ತಿಳಿಯಿತು. ಹಳೇ ಫೋಟೋದ ಚಿತ್ರ ಇರುವುದು ಕಾಗದದಲ್ಲಲ್ಲ, ಅದರ ಮೇಲಿನ ಜೆಲಟಿನ್ ಪದರದಲ್ಲಿ. ಬೆಳ್ಳಿಯ ಸಣ್ಣ ಕಣಗಳನ್ನು ಹಿಡಿದಿಡುವುದೇ ಆ ಪದರ. ಬೂಷ್ಟಿಗೆ ಅದೇ ಆಹಾರ. ಬೂಷ್ಟು ತಿಂದ ಕಡೆ ಜೆಲಟಿನ್ ನೀರಿಗೆ ಕರಗುತ್ತದೆ. ಅಂದರೆ ಎಲ್ಲಿ ಒರೆಸಬೇಕು ಅನಿಸುತ್ತದೋ ಅಲ್ಲೇ ಒರೆಸಬಾರದು. ಗಾಜಿನಿಂದ ಬಿಡಿಸಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಪೂರ್ತಿ ಒಣಗಿದ ಮೇಲೆ ಮೆತ್ತನೆ ಬ್ರಷ್‌ನಿಂದ ಮನೆಯ ಹೊರಗೆ ಕೊಡವಿದ್ದರೆ ಸಾಕಿತ್ತು. ಗಾಜಿಗೆ ಅಂಟಿಕೊಂಡಿದ್ದರೆ ಕೀಳಲೂ ಬೇಡಿ, ಗಾಜಿನ ಸಮೇತ ಕಾಪಿ ತೆಗೆಸಿ.

ಮೂಲದ ಮೇಲೆ ಬಣ್ಣ ಹಚ್ಚಿಸುವ ಯೋಚನೆಯನ್ನೂ ಬಿಡಿ. ನನಗೆ ಸಹಾಯ ಮಾಡಿದ ಡ್ರಾಯಿಂಗ್ ಮೇಷ್ಟ್ರು ಮೂಲವನ್ನು ಮುಟ್ಟಲೇ ಇಲ್ಲ. ಕಾಪಿ ತೆಗೆಸಿ, ಹೊಳಪಿಲ್ಲದ ದಪ್ಪ ಕಾಗದದ ಮೇಲೆ ಪ್ರಿಂಟ್ ಹಾಕಿಸಿದರು. ಹೊಳಪಿನ ಕಾಗದದಲ್ಲಿ ಬಣ್ಣ ನಿಲ್ಲುವುದಿಲ್ಲ. ಕಪ್ಪಿಗೆ ಚೂರು ಕಂದು ಬೆರೆಸಿ ಹಳೇ ಫೋಟೋದ ಛಾಯೆಗೆ ಹೊಂದಿಸಿದರು. ಎಲೆ ಎಲೆಯಾಗಿ ಬರೆಯಲಿಲ್ಲ. ದೂರದ ಮರ ಫೋಟೋದಲ್ಲಿ ಮಸುಕಾಗಿಯೇ ಇರುತ್ತದಂತೆ.

ಮರ ಯಾವ ಕಡೆ ವಾಲಿತ್ತು ಅಂತ ಕೇಳಿದರು. ಮೂವತ್ತು ವರ್ಷ ಅದರಡಿ ಸೈಕಲ್ ನಿಲ್ಲಿಸಿದವನು ನಾನು, ಎಡಕ್ಕೆ ಅಂದೆ. ಮೇಷ್ಟ್ರು ಒಪ್ಪಲಿಲ್ಲ. ಮರ ಅಳಿಸಿದ್ದರೂ ರಸ್ತೆ ಮೇಲೆ ಅದರ ನೆರಳು ಉಳಿದಿತ್ತು, ಪಕ್ಕದ ಬೇಲಿ ಗೂಟದ ನೆರಳೂ ಇತ್ತು. ಎರಡನ್ನೂ ಪಟ್ಟಿಯಿಂದ ಅಳೆದು, «ಬಲಕ್ಕೇ ರಾಯರೇ» ಅಂದರು. ಜಗಳವನ್ನೇ ಆಡಿದೆ. ರಾತ್ರಿ ಮಲಗಿದಾಗ ಹೊಳೆಯಿತು: ನಾನು ದಿನಾ ಬರುತ್ತಿದ್ದದ್ದು ಮೇಲಿನ ಕೇರಿಯಿಂದ, ಫೋಟೋ ತೆಗೆದವನು ನಿಂತದ್ದು ಕೆಳಗೆ, ಹೊಳೆ ಕಡೆಯಿಂದ.

ಮುಗಿಯುವಾಗ, ಮರಕ್ಕೆ ಹೊಡೆದಿದ್ದ ಟಪ್ಪಾಲು ಡಬ್ಬಿಯನ್ನೂ ಬರೆಯಲಾ ಅಂತ ಕೇಳಿದರು. ಬಹಳ ಆಸೆಯಾಯಿತು. ಆದರೆ ಆ ಡಬ್ಬಿ ಬಂದದ್ದು ಫೋಟೋ ತೆಗೆದ ಮೇಲೆ. ಬೇಡ ಅಂದೆ. ಹಿಂದುಗಡೆ ಪೆನ್ಸಿಲ್‌ನಲ್ಲಿ «ಮರ ಆಮೇಲೆ ಬರೆದದ್ದು» ಅಂತ ನಾನೇ ಬರೆದೆ.